ಶಾಲೆಯಿಂದ ಕಂಟೆಂಟ್ ರೈಟಿಂಗ್‌ಗೆ: ಟೀಚರ್ ರೆಸ್ಯೂಮೆಯಲ್ಲಿ ಏನು ಇರಬೇಕು, ಏನು ಬೇಡ?

ಕಟಪಾಡಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ 2014ರಿಂದ ವಿಜ್ಞಾನ ಟೀಚರ್. ಬಿ.ಎಸ್ಸಿ., ಬಿ.ಎಡ್. ಆಗಿದೆ. ಕನ್ನಡ ಮಾಧ್ಯಮದ 8, 9, 10ನೇ ತರಗತಿಗೆ ಪಾಠ ಮಾಡುತ್ತೇನೆ. ಈ ಶೈಕ್ಷಣಿಕ ವರ್ಷ ಮುಗಿದ ಮೇಲೆ ಕಂಟೆಂಟ್ ರೈಟಿಂಗ್‌ಗೆ ಹೋಗುವುದು ಅಂತ ಮನೆಯಲ್ಲಿ ಮಾತಾಡಿ ಆಗಿದೆ. ಮಂಗಳೂರು, ಮಣಿಪಾಲದಲ್ಲಿ ಸಿಕ್ಕಿದರೆ ಒಳ್ಳೆಯದು. ಮನೆಯಿಂದ ಮಾಡುವ ಕೆಲಸವಾದರೂ ಅಡ್ಡಿಯಿಲ್ಲ.

ಕೆಲವು ಕಡೆ ರೆಸ್ಯೂಮೆ ಕಳಿಸಿದೆ. ಎಲ್ಲಿಂದಲೂ ಉತ್ತರ ಬಂದಿಲ್ಲ. ಅದರಲ್ಲಿ ಇರುವುದು ಇಷ್ಟು: ಮೊದಲು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ. ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್. ತನಕ ಅಂಕಗಳ ಪಟ್ಟಿ. ಅನುಭವದ ಕೆಳಗೆ ‘8ರಿಂದ 10ನೇ ತರಗತಿಗೆ ವಿಜ್ಞಾನ ಬೋಧನೆ, ಪಾಠ ಯೋಜನೆ ತಯಾರಿ, ಮೌಲ್ಯಮಾಪನ, ಶಾಲಾ ವಾರ್ಷಿಕ ಸಂಚಿಕೆಯ ಸಂಪಾದಕಿ’ ಅಂತ ಒಂದೇ ಸಾಲು. ಕೊನೆಗೆ ‘ಮೇಲಿನ ಎಲ್ಲ ವಿವರಗಳು ಸತ್ಯ’ ಎಂಬ ಘೋಷಣೆ ಮತ್ತು ಸಹಿ. ಜೊತೆಗೆ ನಾನು ಬರೆದ ಎರಡು ಲೇಖನ ನುಡಿಯಲ್ಲಿ ಟೈಪ್ ಮಾಡಿ ಇಟ್ಟದ್ದು ಇತ್ತು, ಅದನ್ನೂ ಕಳಿಸಿದ್ದೇನೆ. ಇದರಲ್ಲಿ ಎಂತ ಬದಲಾಯಿಸಬೇಕು?

ಸುರತ್ಕಲ್ ಹುಡುಗ

ಅಕ್ಕಾ, ಮೊದಲು ಆ ಟೀಚರ್ ಎಂಬ ಪದವೇ ಕಾಣದ ಹಾಗೆ ಮಾಡಿ. ಈಗ ರೆಸ್ಯೂಮೆಯನ್ನು ಮನುಷ್ಯರು ಓದುವುದಕ್ಕೆ ಮುಂಚೆ ಎಟಿಎಸ್ ಎಂಬ ಸಾಫ್ಟ್‌ವೇರ್ ಓದುತ್ತದೆ. ಅದಕ್ಕೆ ಬೇಕಾದ್ದು ಕೀವರ್ಡ್. ಗೂಗಲ್‌ನಲ್ಲಿ ಬರಹ ಮೇಲೆ ಬರುವ ಹಾಗೆ ಮಾಡುವ ಎಸ್‌ಇಒ, ವರ್ಡ್‌ಪ್ರೆಸ್, ಬ್ಲಾಗ್ ರೈಟಿಂಗ್, ಕಾಪಿ ರೈಟಿಂಗ್, ಸೋಷಿಯಲ್ ಮೀಡಿಯಾ, ಇಷ್ಟನ್ನು ಮೇಲೆ ಹಾಕಿ. ಕೆಲಸದ ಅನುಭವವನ್ನು ವರ್ಷದ ಪ್ರಕಾರ ಬರೆಯಬೇಡಿ, ಕೌಶಲದ ಪ್ರಕಾರ ಬರೆಯಿರಿ. ಶಾಲೆಯ ಹೆಸರು ಕೊನೆಯಲ್ಲಿ ಸಣ್ಣದಾಗಿ ಇದ್ದರೆ ಸಾಕು. ಎರಡು ಕಾಲಂ ಇರುವ ಚಂದದ ಟೆಂಪ್ಲೇಟ್ ಮಾತ್ರ ಬೇಡ. ಸಾಫ್ಟ್‌ವೇರ್ ಓದುವಾಗ ಎಡದ ಸಾಲು, ಬಲದ ಸಾಲು ಕಲಸಿ ಹೋಗುತ್ತದೆ.

ಬ್ರಹ್ಮಾವರ ಅಣ್ಣ

ಟೀಚರೇ, ಸ್ವಲ್ಪ ಜಾಗ್ರತೆ. ನಮ್ಮ ಮನೆಯವರೂ ಇದೇ ಕೆಲಸಕ್ಕೆ ಅಂತ ಒಬ್ಬರ ಹತ್ತಿರ ಹೆಸರು ಕೊಟ್ಟಿದ್ದರು. ದಿನಕ್ಕೆ ಇಷ್ಟು ಪುಟ ನೋಡಿ ಟೈಪ್ ಮಾಡಬೇಕು, ಮೊದಲು ರಿಜಿಸ್ಟ್ರೇಷನ್‌ಗೆ ದುಡ್ಡು ಕಟ್ಟಬೇಕು ಅಂದರು. ಕಟ್ಟಿದ ಮೇಲೆ ಪುಟದಲ್ಲಿ ತಪ್ಪು ಉಂಟು ಅಂತ ಹೇಳಿ ದುಡ್ಡೂ ಇಲ್ಲ, ಕೆಲಸವೂ ಇಲ್ಲ. ಇಂಥದ್ದಕ್ಕೆ ರೆಸ್ಯೂಮೆ ಯಾಕೆ ಮಾರಾಯ್ರೆ?

ಕದ್ರಿ ಸಂಪಾದಕಿ

ಬ್ರಹ್ಮಾವರದವರೇ, ನಿಮ್ಮ ಮನೆಯವರಿಗೆ ಆದದ್ದು ಬೇಸರದ ಸಂಗತಿ. ಆದರೆ ಅದು ಕಂಟೆಂಟ್ ರೈಟಿಂಗ್ ಅಲ್ಲ, ನೋಡಿ ಟೈಪ್ ಮಾಡುವ ಕೆಲಸದ ಹೆಸರಲ್ಲಿ ನಡೆಯುವ ಮೋಸ. ಕೆಲಸ ಕೊಡುವವರು ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಡಬೇಕು. ಟೀಚರ್ ಕೇಳುತ್ತಿರುವುದು ಬೇರೆ. ಯೋಚಿಸಿ, ಓದಿ, ಓದುಗರಿಗೆ ತಿಳಿಯುವ ಹಾಗೆ ಹೊಸದಾಗಿ ಬರೆಯುವ ಕೆಲಸ.

ಈಗ ಟೀಚರಿಗೆ. ನಾನು ಮಂಗಳೂರಿನಲ್ಲಿ ಒಂದು ಕನ್ನಡ ಕಂಟೆಂಟ್ ತಂಡ ನೋಡಿಕೊಳ್ಳುತ್ತೇನೆ. ಬರುವ ಅರ್ಜಿಗಳನ್ನು ನಾನೇ ಓದುತ್ತೇನೆ. ನಿಮ್ಮದರಲ್ಲಿ ನನಗೆ ಮೊದಲು ಕಾಣುವ ಸಮಸ್ಯೆ ತಂದೆಯ ಹೆಸರೂ ಅಲ್ಲ, ಘೋಷಣೆಯೂ ಅಲ್ಲ. ಅವು ಬೇಡ, ತೆಗೆಯಿರಿ, ಮುಗಿಯಿತು. ಸಮಸ್ಯೆ ಇರುವುದು ಆ ನುಡಿ ಫೈಲಿನಲ್ಲಿ.

ಶಾಲೆಯಲ್ಲಿ ಪ್ರಶ್ನೆಪತ್ರಿಕೆಗೆ ಬಳಸುವ ಹಳೆಯ ನುಡಿ, ಬರಹ ಫಾಂಟ್‌ಗಳು ಯೂನಿಕೋಡ್ ಅಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವ ಕಾರಣ ಕನ್ನಡ ಕಾಣುತ್ತದೆ. ನನ್ನ ಫೋನಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಹೀಗೆ ಬರುತ್ತದೆ:

```
PÀ£ÀßqÀ
```

ಇಡೀ ಲೇಖನ ಹೀಗೇ. ನೀವು ಕಳಿಸಿದ ಕಡೆ ಯಾರಾದರೂ ತೆರೆದಿದ್ದರೆ ಅವರಿಗೆ ನಿಮ್ಮ ಕನ್ನಡ ಕಂಡೇ ಇಲ್ಲದಿರಬಹುದು. ಪರೀಕ್ಷೆ ಮಾಡುವುದು ಸುಲಭ. ಎರಡು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ಕಳಿಸಿ. ಕನ್ನಡ ಕಂಡರೆ ಯೂನಿಕೋಡ್, ಇಂಥ ಅಕ್ಷರ ಕಂಡರೆ ಅಲ್ಲ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಮಾತ್ರ ಒಂದೊಂದು ಸಾಲೂ ಓದಬೇಕು. ಅರ್ಕಾವೊತ್ತು, ಒತ್ತಕ್ಷರ, ದೀರ್ಘ ಇವುಗಳಲ್ಲಿ ಎಡವಟ್ಟು ಆಗುವುದು ಜಾಸ್ತಿ. ಮುಂದೆ ಬರೆಯುವುದನ್ನೆಲ್ಲ ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ವಿಂಡೋಸ್‌ನಲ್ಲೂ ಫೋನಿನಲ್ಲೂ ಕನ್ನಡ ಕೀಬೋರ್ಡ್ ಮೊದಲೇ ಉಂಟು, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಆಯ್ತು. ಆಗ ರೆಸ್ಯೂಮೆಯಲ್ಲಿ ‘ಕನ್ನಡ ಯೂನಿಕೋಡ್ ಟೈಪಿಂಗ್’ ಅಂತ ಧೈರ್ಯವಾಗಿ ಹಾಕಬಹುದು. ನನ್ನಂಥವರಿಗೆ ಅದು ನಿಜಕ್ಕೂ ಬೇಕಾದ ಮಾಹಿತಿ.

ಸುರತ್ಕಲ್ ತಮ್ಮ ಹೇಳಿದ್ದರಲ್ಲಿ ಒಂದೇ ಕಾಲಂ ಇರಲಿ ಎಂಬುದು ಸರಿ. ಟೀಚರ್ ಪದ ಮುಚ್ಚಿಡಿ ಎಂಬುದನ್ನು ನಾನು ಒಪ್ಪುವುದಿಲ್ಲ. ವರ್ಷಗಳೇ ಕಾಣದ ರೆಸ್ಯೂಮೆ ಬಂದರೆ ‘ಇಷ್ಟು ಕಾಲ ಇವರು ಎಂತ ಮಾಡುತ್ತಿದ್ದರು’ ಎಂಬ ಪ್ರಶ್ನೆ ಏಳುತ್ತದೆ. ಇನ್ನು ಎಸ್‌ಇಒ ಬರುತ್ತದೆ ಅಂತ ಬರೆದವರಿಗೆ ನಾನು ಸಂದರ್ಶನದಲ್ಲಿ ಕೇಳುವುದು ಒಂದೇ: ‘ಈ ಲೇಖನಕ್ಕೆ ಈ ಶೀರ್ಷಿಕೆ ಯಾಕೆ ಕೊಟ್ಟಿರಿ? ಓದುಗ ಗೂಗಲ್‌ನಲ್ಲಿ ಏನಂತ ಹುಡುಕುತ್ತಾನೆ?’ ಬರೀ ಪದ ಹಾಕಿದವರು ಅಲ್ಲೇ ನಿಂತು ಬಿಡುತ್ತಾರೆ.

ಸುರತ್ಕಲ್ ಹುಡುಗ

ನಮ್ಮ ಆಫೀಸಿನಲ್ಲಿ ದೊಡ್ಡ ಪೋರ್ಟಲ್ ಮೂಲಕ ಅರ್ಜಿ ತೆಗೆದುಕೊಳ್ಳುತ್ತಾರೆ ಮೇಡಂ. ಅಲ್ಲಿ ಪದ ಇಲ್ಲದಿದ್ದರೆ ನಿಮ್ಮಂಥವರ ಕೈಗೆ ರೆಸ್ಯೂಮೆ ತಲುಪುವುದೇ ಕಷ್ಟ.

ಕದ್ರಿ ಸಂಪಾದಕಿ

ಅದು ಹೌದು. ಪೋರ್ಟಲ್ ಮೂಲಕ ಕಳಿಸುವಾಗ ಆ ಕೆಲಸದ ಜಾಹೀರಾತಿನಲ್ಲಿರುವ ಪದಗಳನ್ನೇ ಬಳಸಬೇಕು. ಆದರೆ ಮಾಡಿದ್ದನ್ನು ಮಾತ್ರ. ವರ್ಡ್‌ಪ್ರೆಸ್ ಅಂತ ಹಾಕಬೇಕಾದರೆ ಪುಕ್ಕಟೆ ಬ್ಲಾಗ್ ಒಂದು ತೆರೆದು, ಮೂರು ಬರಹ ಪ್ರಕಟಿಸಿ, ಆಮೇಲೆ ಹಾಕಿ. ಅದೇನೂ ದೊಡ್ಡ ಕೆಲಸ ಅಲ್ಲ.

ಟೀಚರೇ, ವಾರ್ಷಿಕ ಸಂಚಿಕೆಯಲ್ಲಿ ನೀವು ನಿಜಕ್ಕೂ ಎಂತ ಮಾಡಿದ್ದು? ಪಾಠ ಬಿಟ್ಟು ಶಾಲೆಯಲ್ಲಿ ಬೇರೆ ಏನೇನು ಬರೆದಿದ್ದೀರಿ? ಸಣ್ಣದು ಅಂತ ಬಿಡಬೇಡಿ, ಎಲ್ಲ ಹೇಳಿ.

ಕಟಪಾಡಿ ಟೀಚರ್

ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ನೋಡಿದೆ ಮೇಡಂ. ನೀವು ಹೇಳಿದ ಹಾಗೇ ಬಂತು. ಇದು ಗೊತ್ತಾದದ್ದೇ ದೊಡ್ಡ ಉಪಕಾರ.

ಸಂಚಿಕೆ ನಾಲ್ಕು ವರ್ಷ ನೋಡಿಕೊಂಡಿದ್ದೇನೆ. ಮಕ್ಕಳ ಬರಹ ಆರಿಸುವುದು, ತಿದ್ದುವುದು, ಸಂಪಾದಕೀಯ, ಪ್ರೆಸ್ಸಿಗೆ ಹೋಗಿ ಪ್ರೂಫ್ ನೋಡುವುದು. ಸುಮಾರು 80 ಪುಟ ಬರುತ್ತದೆ. ವಾರ್ಷಿಕೋತ್ಸವದ ವರದಿ ಪ್ರತಿ ವರ್ಷ ನಾನೇ ಬರೆಯುವುದು. ಹತ್ತನೆಯ ತರಗತಿಯಲ್ಲಿ ಓದಲು ಕಷ್ಟಪಡುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಅಂತ ಮಾಡುತ್ತೇವಲ್ಲ, ಅದರ ವಿಜ್ಞಾನದ ಟಿಪ್ಪಣಿ ನನ್ನದು. ಪಠ್ಯಪುಸ್ತಕದ ಒಂದು ಪಾಠವನ್ನು ಎರಡು ಪುಟಕ್ಕೆ ಇಳಿಸಿ, ಚಿತ್ರ ಹಾಕಿ, ಸಣ್ಣ ವಾಕ್ಯದಲ್ಲಿ ಬರೆದದ್ದು. ಕೊರೊನಾ ಸಮಯದಲ್ಲಿ ಪಾಠದ ವಿಡಿಯೋಗಳಿಗೆ ಸ್ಕ್ರಿಪ್ಟ್ ಬರೆದಿದ್ದೆ. ಮತ್ತೆ ನೀಲನಕ್ಷೆ ಪ್ರಕಾರ ಪ್ರಶ್ನೆಪತ್ರಿಕೆ. ಇಷ್ಟೇ.

ಕದ್ರಿ ಸಂಪಾದಕಿ

ಇಷ್ಟು ಸಾಕಷ್ಟಾಯಿತು! ನಿಮ್ಮ ಹಳೆಯ ರೆಸ್ಯೂಮೆಯಲ್ಲಿ ಇದೆಲ್ಲ ‘ಬೋಧನೆ’ ಎಂಬ ಒಂದು ಪದದ ಕೆಳಗೆ ಹುಗಿದು ಹೋಗಿದೆ. ಟೀಚರ್ ಕೆಲಸ ಇರಲಿ. ಅದರ ಒಳಗೆ ಬರವಣಿಗೆ ಯಾವುದು ಅಂತ ಬೇರೆ ಮಾಡಿ ತೋರಿಸಬೇಕು, ಅಷ್ಟೇ. ರೆಸ್ಯೂಮೆ ಇಂಗ್ಲಿಷಿನಲ್ಲಿ ಇರಲಿ, ಮೊದಲು ನೋಡುವ ಎಚ್‌ಆರ್‌ನವರಿಗೆ ಕನ್ನಡ ಬಾರದೆ ಇರಬಹುದು. ಸಾಲುಗಳು ಹೇಗಿರಬೇಕು ಅಂತ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅನುಭವದ ಕೆಳಗೆ ಮೊದಲು ಶಾಲೆಯ ಹೆಸರು, ‘ವಿಜ್ಞಾನ ಶಿಕ್ಷಕಿ, 2014ರಿಂದ ಈವರೆಗೆ’. ಅದರ ಕೆಳಗೆ:

‘10ನೇ ತರಗತಿಯ ವಿಜ್ಞಾನ ಪಾಠಗಳನ್ನು ಓದಲು ಕಷ್ಟಪಡುವ ಮಕ್ಕಳಿಗಾಗಿ ತಲಾ ಎರಡು ಪುಟದ ಸಚಿತ್ರ ಟಿಪ್ಪಣಿಯಾಗಿ ಸರಳ ಕನ್ನಡದಲ್ಲಿ ಬರೆದದ್ದು.’

‘ಸುಮಾರು 80 ಪುಟದ ಶಾಲಾ ಸಂಚಿಕೆಯ ನಾಲ್ಕು ಸಂಚಿಕೆಗಳ ಸಂಪಾದನೆ: ಬರಹಗಳ ಆಯ್ಕೆ, ತಿದ್ದುವಿಕೆ, ಸಂಪಾದಕೀಯ, ಪ್ರೂಫ್, ಮುದ್ರಕರ ಜೊತೆ ಕೆಲಸ.’

‘ಆನ್‌ಲೈನ್ ತರಗತಿಯ ವಿಡಿಯೋ ಪಾಠಗಳಿಗೆ ಸ್ಕ್ರಿಪ್ಟ್.’

ಬೋಧನೆ ಇದಾದ ಮೇಲೆ, ಒಂದು ಸಾಲಿನಲ್ಲಿ. ನೀಲನಕ್ಷೆ, ಎಫ್‌ಎ, ಎಸ್‌ಎ ಇವೆಲ್ಲ ಶಾಲೆಯ ಹೊರಗೆ ಯಾರಿಗೂ ಅರ್ಥ ಆಗುವುದಿಲ್ಲ, ಬಿಡಿ. ಪಠ್ಯ ತಯಾರಿಸುವ ಶಿಕ್ಷಣ ಕಂಪೆನಿಗೆ ಕಳಿಸುವುದಾದರೆ ಮಾತ್ರ ಪ್ರಶ್ನೆಪತ್ರಿಕೆಯ ಸಾಲು ಸೇರಿಸಿ. ಅಲ್ಲಿ ಅದಕ್ಕೆ ಬೆಲೆ ಉಂಟು.

ಅಂಕಗಳ ಪಟ್ಟಿ ಬೇಡ. ಬಿ.ಎಸ್ಸಿ., ಬಿ.ಎಡ್., ಮುಗಿಸಿದ ವರ್ಷ, ಇಷ್ಟೇ. ಒಂದು ಪುಟದಲ್ಲಿ ಮುಗಿಯಬೇಕು.

ಬಿಜೈ ಅಮ್ಮ

ನನ್ನದೂ ಇದೇ ಕಥೆ, ಕೇಳಬಹುದಾ? ನಾನು ಇಂಗ್ಲಿಷ್ ಮೀಡಿಯಂನಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್ ಆಗಿದ್ದೆ. ಮಗು ಆದ ಮೇಲೆ ಬಿಟ್ಟೆ. ಈಗ ಮಗನಿಗೆ ಐದು ವರ್ಷ. ಈ ಮಧ್ಯದ ಖಾಲಿ ವರ್ಷಗಳಿಗೆ ಎಂತ ಬರೆಯುವುದು?

ಕದ್ರಿ ಸಂಪಾದಕಿ

‘ಮಗುವಿನ ಆರೈಕೆಗಾಗಿ ವಿರಾಮ’ ಅಂತ ವರ್ಷ ಸಮೇತ ಒಂದು ಸಾಲು. ವಿವರಣೆ ಬೇಡ, ಕ್ಷಮೆಯೂ ಬೇಡ. ಆದರೆ ನಿಮ್ಮ ಬರಹದ ಮಾದರಿಗಳು ಇತ್ತೀಚಿನವು ಇರಬೇಕು. ಟೀಚರಿಗಿಂತ ನಿಮಗೆ ಅದು ಜಾಸ್ತಿ ಮುಖ್ಯ.

ಹಳೆ ಮಾಸ್ಟ್ರು, ಕುಂದಾಪುರ

ನಾನು ನಿವೃತ್ತ ಮುಖ್ಯೋಪಾಧ್ಯಾಯ. ಒಂದು ಮಾತು ಸೇರಿಸುತ್ತೇನೆ. ಶಾಲೆಯಲ್ಲಿ ಸಂಬಳ ತೆಗೆದುಕೊಂಡು ಮಾಡಿದ ಟಿಪ್ಪಣಿ, ಪ್ರಶ್ನೆಪತ್ರಿಕೆಗಳನ್ನು ಕೇಳದೆ ಹೊರಗಿನವರಿಗೆ ಕೊಡಬಾರದು. ಅವು ಶಾಲೆಯ ಕೆಲಸ. ಮಕ್ಕಳ ಹೆಸರು, ಫೋಟೋ ಇರುವ ಪುಟಗಳಂತೂ ಬೇಡವೇ ಬೇಡ. ಸಂಚಿಕೆ ತೋರಿಸಬೇಕು ಅಂತಿದ್ದರೆ ಮುಖ್ಯೋಪಾಧ್ಯಾಯರಿಗೆ ಹೇಳಿ, ನಿಮ್ಮ ಸಂಪಾದಕೀಯದ ಪುಟ ಮಾತ್ರ ತೋರಿಸಿ. ರೆಸ್ಯೂಮೆಯ ಮೇಲೆ ‘ಕಂಟೆಂಟ್ ರೈಟರ್’ ಅಂತ ಹಾಕಿಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ಇನ್ನೂ ಆಗಿಲ್ಲವಲ್ಲ? ‘ಶಿಕ್ಷಕಿ ಮತ್ತು ಬರಹಗಾರ್ತಿ’ ಅಂದರೆ ಸುಳ್ಳಾಗುವುದಿಲ್ಲ.

ಸುರತ್ಕಲ್ ಹುಡುಗ

ಮಾಸ್ಟ್ರೇ, ಹುಡುಕುವವರು ‘ಕಂಟೆಂಟ್ ರೈಟರ್’ ಅಂತಲೇ ಹುಡುಕುವುದು. ಬೇರೆ ಹೆಸರು ಹಾಕಿದರೆ ಸಿಗುವುದಿಲ್ಲ.

ಕದ್ರಿ ಸಂಪಾದಕಿ

ಮಾಸ್ಟ್ರೇ, ಶಾಲೆಯ ದಾಖಲೆಗಳ ಬಗ್ಗೆ ನಿಮ್ಮ ಮಾತು ಪೂರ್ತಿ ಸರಿ. ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಮೇಲಿನ ಸಾಲು ಅರ್ಜಿ ಹಾಕುವ ಕೆಲಸದ ಹೆಸರು, ಪದವಿ ಅಲ್ಲ. ಕೆಳಗೆ ಶಿಕ್ಷಕಿ ಅಂತ ಸ್ಪಷ್ಟವಾಗಿ ಇರುವಾಗ ಯಾರಿಗೂ ಮೋಸ ಆಗುವುದಿಲ್ಲ. ‘ಕನ್ನಡ ಕಂಟೆಂಟ್ ರೈಟರ್, ವಿಜ್ಞಾನ ಮತ್ತು ಶಿಕ್ಷಣ’ ಅಂತ ಹಾಕುವುದು ಸೂಕ್ತ.

ಹಳೆಯ ಟಿಪ್ಪಣಿ ತೋರಿಸಲು ಆಗದ ಕಾರಣ ಹೊಸ ಮಾದರಿಗಳೇ ಬೇಕು. ಮೂರು ಸಾಕು. 600ರಿಂದ 700 ಪದದ ಒಂದು ವಿವರಣೆ ಲೇಖನ. ಒಂದು ಅಂಗಡಿಗೋ ಸೇವೆಗೋ ವೆಬ್‌ಸೈಟ್‌ನಲ್ಲಿ ಹಾಕುವಂಥ 150 ಪದದ ಬರಹ. ಮತ್ತೆ ಒಂದು ಇಂಗ್ಲಿಷ್ ಮಾಹಿತಿಯನ್ನು ಕನ್ನಡ ಓದುಗರಿಗೆ ಹೊಸದಾಗಿ ಬರೆದದ್ದು. ಟೀಚರ್‌ಗಳಿಂದ ಬರುವ ಮಾದರಿಗಳಲ್ಲಿ ನಾನು ಹೆಚ್ಚಾಗಿ ನೋಡುವ ತೊಂದರೆ ಒಂದೇ. ಅವು ಪಾಠದ ಹಾಗೆ ಶುರುವಾಗುತ್ತವೆ. ಮೊದಲು ಪೀಠಿಕೆ, ಆಮೇಲೆ ವ್ಯಾಖ್ಯೆ, ಆಮೇಲೆ ವಿಧಗಳು. ತರಗತಿಯಲ್ಲಿ ಮಕ್ಕಳು ಬೆಲ್ ಆಗುವ ತನಕ ಕೂತಿರುತ್ತಾರೆ. ಫೋನಿನಲ್ಲಿ ಓದುವವರು ಎರಡು ಸಾಲು ನೋಡಿ ಹೊರಟು ಹೋಗುತ್ತಾರೆ. ಅವರಿಗೆ ಬೇಕಾದ ಉತ್ತರ ಮೊದಲ ಪ್ಯಾರಾದಲ್ಲೇ ಇರಬೇಕು.

ನೀವು ವಿಜ್ಞಾನದವರು, ಊರು ಕಟಪಾಡಿ, ಪಕ್ಕದಲ್ಲೇ ಮಲ್ಲಿಗೆಗೆ ಹೆಸರಾದ ಶಂಕರಪುರ. ‘ಸಸ್ಯಗಳಲ್ಲಿ ಪೋಷಕಾಂಶಗಳು’ ಅಂತ ಬರೆಯಬೇಡಿ. ‘ಮಲ್ಲಿಗೆ ಗಿಡದ ಎಲೆ ಹಳದಿ ಆಗುತ್ತಿದೆಯಾ?’ ಅಂತ ಬರೆಯಿರಿ. ಜನ ಗೂಗಲ್‌ನಲ್ಲಿ ಕೇಳುವುದೂ ಹೀಗೆಯೇ.

ಕಟಪಾಡಿ ಟೀಚರ್

ನಿನ್ನೆ ರಾತ್ರಿ ಕೂತು ಬರೆದೆ. ಮೊದಲ ಪ್ಯಾರಾ ಇದು, ಆಗಬಹುದಾ ನೋಡಿ:

‘ಮೊದಲು ಯಾವ ಎಲೆ ಹಳದಿ ಆಗಿದೆ ಅಂತ ನೋಡಿ. ಕೆಳಗಿನ ಹಳೆ ಎಲೆಗಳು ಪೂರ್ತಿ ಹಳದಿಯಾಗಿ ಉದುರುತ್ತಿದ್ದರೆ ಗಿಡಕ್ಕೆ ಸಾರಜನಕ ಸಾಕಾಗುತ್ತಿಲ್ಲ ಎಂದು ಅನುಮಾನಿಸಬಹುದು. ಚಿಗುರೆಲೆ ಹಳದಿಯಾಗಿ, ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ ಇರಬಹುದು. ಗಿಡ ಸಾರಜನಕವನ್ನು ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಆಗುವುದಿಲ್ಲ.’

ಶಂಕರಪುರ ತೋಟ

ಟೀಚರೇ, ಚೆನ್ನಾಗಿ ಉಂಟು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಹಳದಿ ಆಗುವುದಕ್ಕೆ ಬುಡದಲ್ಲಿ ನೀರು ನಿಲ್ಲುವುದೂ ಕಾರಣ. ಬೇರು ಕೊಳೆತರೆ ಗೊಬ್ಬರ ಹಾಕಿ ಪ್ರಯೋಜನ ಇಲ್ಲ. ಅದನ್ನು ಬಿಟ್ಟು ಬರೆದರೆ ಜನ ಸುಮ್ನೆ ಯೂರಿಯಾ ತಂದು ಸುರಿಯುತ್ತಾರೆ. ಮತ್ತೆ ಮಲ್ಲಿಗೆ ಮಾರುವ ಅಂಗಡಿಗೆ ಬರೆಯುವುದಾದರೆ ಅಟ್ಟೆ, ಚೆಂಡಿನ ಲೆಕ್ಕ ಸರಿಯಾಗಿ ಹಾಕಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನ ದಿನ ಬದಲಾಗುತ್ತದೆ, ಹಾಗಾಗಿ ದರ ಬರೆಯಬೇಡಿ.

ಕದ್ರಿ ಸಂಪಾದಕಿ

ಶಂಕರಪುರದವರೇ, ತುಂಬಾ ಒಳ್ಳೆಯ ಮಾತು. ಟೀಚರೇ, ನೀರು ನಿಲ್ಲುವುದನ್ನು ಎಲ್ಲಕ್ಕಿಂತ ಮೊದಲು ಇಡಿ. ಓದುಗರು ಗೊಬ್ಬರ ತರುವ ಮುಂಚೆ ನೋಡಬೇಕಾದ್ದು ಅದು. ‘ಬೆಳೆಗಾರರನ್ನು ಕೇಳಿ ಬರೆದದ್ದು’ ಅಂತ ಲೇಖನದ ಕೊನೆಗೆ ಒಂದು ಸಾಲು ಸೇರಿಸಿ. ಪುಸ್ತಕ ಬಿಟ್ಟು ಹೊರಗೂ ಕೇಳಿ ತಿಳಿಯುತ್ತೀರಿ ಅಂತ ನನ್ನಂಥವರಿಗೆ ಗೊತ್ತಾಗುತ್ತದೆ. ಪ್ಯಾರಾದ ಕೊನೆಯ ಎರಡು ವಾಕ್ಯ, ಸಾರಜನಕ ಸಾಗಿಸುವುದು, ಅಲ್ಲಿಂದ ತೆಗೆದು ಕೆಳಗೆ ಹಾಕಿ. ಕಾರಣ ಬೇಕಾದವರು ಅಲ್ಲಿಯವರೆಗೆ ಓದುತ್ತಾರೆ.

ಮಾದರಿಗಳನ್ನು ಕಳಿಸುವ ಬಗೆ. ಬ್ಲಾಗ್‌ನಲ್ಲಿ ಹಾಕಿದರೆ ಆ ಲಿಂಕ್ ಕೊಡಿ. ಗೂಗಲ್ ಡ್ರೈವ್ ಆದರೆ ಶೇರ್ ಮಾಡುವಲ್ಲಿ `Anyone with the link` ಮತ್ತು `Viewer` ಆರಿಸಿ. ಇಲ್ಲದಿದ್ದರೆ ನಮಗೆ `Request access` ಅಂತ ಬರುತ್ತದೆ. ಬೇರೆ ಅರ್ಜಿಗಳು ಕಾಯುತ್ತಿರುವಾಗ ಅನುಮತಿ ಕೇಳಿ ಕಾಯುವವರು ಕಡಿಮೆ. ನಿಮ್ಮ ಖಾತೆ ಇಲ್ಲದ ಬೇರೆ ಫೋನಿನಲ್ಲಿ ತೆರೆದು ನೋಡಿ. ಲಿಂಕ್ ಇರಬೇಕಾದ ಜಾಗ ರೆಸ್ಯೂಮೆಯ ಮೇಲೆ, ಫೋನ್ ನಂಬರಿನ ಪಕ್ಕದಲ್ಲಿ. ಪ್ರತಿ ಮಾದರಿಗೂ ಯಾರಿಗಾಗಿ ಬರೆದದ್ದು ಅಂತ ಅರ್ಧ ಸಾಲು. ಯಾರೂ ಕೇಳದೆ ನೀವೇ ಬರೆದದ್ದಾದರೆ ‘ಸ್ವಂತ ಮಾದರಿ’ ಅಂತ ಹಾಕಿ. ಇಲ್ಲದ ಗಿರಾಕಿಯ ಹೆಸರು ಹಾಕಬಾರದು.

ಒಂದು ಪರೀಕ್ಷೆ ಬರವಣಿಗೆ ಕೇಳುವುದು ಎಲ್ಲ ಕಡೆ ಉಂಟು. 300, 400 ಪದ ಆದರೆ ಬರೆದುಕೊಡಿ. ಐದಾರು ಪೂರ್ತಿ ಲೇಖನ ಪುಕ್ಕಟೆ ಕೇಳಿದರೆ ಅದು ಪರೀಕ್ಷೆ ಅಲ್ಲ, ಕೆಲಸ. ಸಂಭಾವನೆ ಎಷ್ಟು ಅಂತ ಕೇಳಿ.

ಕಟಪಾಡಿ ಟೀಚರ್

ಎಲ್ಲರಿಗೂ ಧನ್ಯವಾದ. ಮೇಲಿನ ಪರಿಚಯದ ಸಾಲು ಹೀಗೆ ಬರೆದಿದ್ದೇನೆ: ‘2014ರಿಂದ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನವನ್ನು ಸರಳ ಕನ್ನಡದಲ್ಲಿ ಬರೆದು ಕಲಿಸಿದ ಶಿಕ್ಷಕಿ. ಕೃಷಿ, ಆರೋಗ್ಯ, ಶಿಕ್ಷಣ ವಿಷಯಗಳಲ್ಲಿ ಕನ್ನಡ ಕಂಟೆಂಟ್ ಬರೆಯುತ್ತೇನೆ. ಮೂರು ಮಾದರಿ ಲಿಂಕ್‌ನಲ್ಲಿವೆ.’

ಎರಡು ಪ್ರಶ್ನೆ ಉಳಿದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ಮಕ್ಕಳನ್ನು ಬಿಟ್ಟು ಬರಲಿಕ್ಕೆ ನನಗೆ ಮನಸ್ಸಿಲ್ಲ. ಅದನ್ನು ರೆಸ್ಯೂಮೆಯಲ್ಲಿ ಹೇಳಬೇಕಾ? ಇನ್ನೊಂದು, ಇಷ್ಟು ವರ್ಷದ ಅನುಭವ ಇದ್ದರೂ ಹೊಸಬರ ಸಂಬಳಕ್ಕೆ ಒಪ್ಪಬೇಕಾ?

ಕದ್ರಿ ಸಂಪಾದಕಿ

ಆರೋಗ್ಯ ಅಂತ ಹಾಕಿದ್ದೀರಿ, ಮಾದರಿ ಉಂಟಾ? ಇಲ್ಲದಿದ್ದರೆ ತೆಗೆಯಿರಿ. ಅಥವಾ ಮೂರನೆಯ ಮಾದರಿಯನ್ನು ಅದರ ಮೇಲೆ ಬರೆಯಿರಿ.

ಕೊನೆಯ ಸಾಲಿನಲ್ಲಿ ‘ಮೇ ತಿಂಗಳಿನಿಂದ ಪೂರ್ಣಾವಧಿ ಕೆಲಸಕ್ಕೆ ಲಭ್ಯ, ಅಲ್ಲಿಯವರೆಗೆ ವಾರಾಂತ್ಯದಲ್ಲಿ ಬಿಡಿ ಬರಹ’ ಅಂತ ಹಾಕಿ. ಮೌಲ್ಯಮಾಪನಕ್ಕೆ ಕರೆದರೂ ಅಷ್ಟರೊಳಗೆ ಮುಗಿಯಬಹುದು. ಕೆಲವರು ನಾಳೆಯೇ ಬೇಕು ಅನ್ನುತ್ತಾರೆ, ಅದು ಹೋಗುತ್ತದೆ. ಮುಂಚೆಯೇ ತಿಳಿಸಿದರೆ ಕಾಯುವವರೂ ಇದ್ದಾರೆ.

ಸಂಬಳ ರೆಸ್ಯೂಮೆಯಲ್ಲಿ ಬರೆಯಬೇಡಿ. ಸಾಮಾನ್ಯ ಬ್ಲಾಗ್ ಬರಹಕ್ಕೆ ನಿಮ್ಮ ಶಾಲೆಯ ವರ್ಷಗಳನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಪಠ್ಯ ತಯಾರಿಸುವ ಕಡೆ ತೆಗೆದುಕೊಳ್ಳುತ್ತಾರೆ.

ಹಳೆ ಮಾಸ್ಟ್ರು, ಕುಂದಾಪುರ

ಹೊಸಬರ ಸಂಬಳಕ್ಕೆ ಒಪ್ಪಬೇಡಿ ಟೀಚರ್. ಕಠಿಣ ವಿಷಯವನ್ನು ಸುಲಭ ಮಾಡಲು ಕಲಿಯಲಿಕ್ಕೆ ವರ್ಷಗಳೇ ಬೇಕು. ಅದನ್ನು ಕಂಪೆನಿಯವರು ಪುಕ್ಕಟೆ ತೆಗೆದುಕೊಳ್ಳುವುದು ನ್ಯಾಯ ಅಲ್ಲ.

ಸುರತ್ಕಲ್ ಹುಡುಗ

ಮಾಸ್ಟ್ರೇ, ಮೊದಲ ವರ್ಷ ಒಳಗೆ ಬರುವುದು ಮುಖ್ಯ. ನಾನು ಕಡಿಮೆಗೇ ಸೇರಿದ್ದು, ಆಮೇಲೆ ಬದಲಾಯಿಸಿದೆ. ಅಕ್ಕಾ, ಮನೆ ಖರ್ಚು ಎಷ್ಟು ಬೇಕು ಅಂತ ನೋಡಿ, ಅದಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ.

ಬಿಜೈ ಅಮ್ಮ

ಸಂಪಾದಕಿ ಮೇಡಂ, ನಾನು ಬರೆಯುವುದು ಇಂಗ್ಲಿಷಿನಲ್ಲಿ. ನನಗೂ ಈ ಮೂರು ಬಗೆಯ ಮಾದರಿಯೇ ಸಾಕಾ, ಅಥವಾ ಕನ್ನಡದ್ದೂ ಒಂದು ಇಡಬೇಕಾ?

ಕದ್ರಿ ಸಂಪಾದಕಿ

ಇಂಗ್ಲಿಷಿನದ್ದೇ ಮೂರು ಇಡಿ. ಕನ್ನಡದಲ್ಲಿ ಬರೆಯುವ ಕೆಲಸಕ್ಕೆ ಅರ್ಜಿ ಹಾಕುವಾಗ ಮಾತ್ರ ಕನ್ನಡದ್ದು ಸೇರಿಸಿ. ಟೀಚರೇ, ಪೂರ್ತಿ ಲೇಖನ ಆದ ಮೇಲೆ ಲಿಂಕ್ ಇಲ್ಲಿ ಹಾಕಿ. ತೆರೆಯುತ್ತದಾ ಅಂತ ನಾವೇ ನೋಡುತ್ತೇವೆ.